ರಿಯಾಯಿತಿಗೆ ಕೊಟ್ಟು ಪ್ರೀಮಿಯಂ ಸೇರಿಸಿ ತೀರಿಸುವ ಡಿಬೆಂಚರ್: ನಷ್ಟದ ಲೆಕ್ಕ, ಯಾವ ವರ್ಷಕ್ಕೆ ಎಷ್ಟು ವಜಾ

ನೂರು ರೂಪಾಯಿ ಮುಖಬೆಲೆಯ ಡಿಬೆಂಚರನ್ನು ಕಂಪನಿ 94 ರೂಪಾಯಿಗೆ ಕೊಡುತ್ತದೆ, ಅವಧಿ ಮುಗಿದಾಗ 104 ರೂಪಾಯಿ ತೀರಿಸುತ್ತದೆ. ಕೈಗೆ ಬಂದದ್ದಕ್ಕೂ ಕೈಬಿಟ್ಟು ಹೋಗುವುದಕ್ಕೂ ಹತ್ತು ರೂಪಾಯಿ ಅಂತರ. ಬಡ್ಡಿ ಇದರ ಮೇಲೆ ಬೇರೆ. ಈ ಹತ್ತು ರೂಪಾಯಿಯನ್ನು ಪುಸ್ತಕದಲ್ಲಿ ಯಾವಾಗ, ಯಾವ ಹೆಸರಿನಲ್ಲಿ ಬರೆಯಬೇಕು, ಯಾವ ವರ್ಷದ ಲಾಭದಿಂದ ಎಷ್ಟು ಕಳೆಯಬೇಕು ಎಂಬಲ್ಲೇ ಹೆಚ್ಚಿನ ಲೆಕ್ಕಗಳು ತಪ್ಪುತ್ತವೆ. ಒಂದೇ ಉದಾಹರಣೆಯನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಹೋಗೋಣ.

ಒಂದು ಕಂಪನಿ 1 ಏಪ್ರಿಲ್ 2024ರಂದು ತಲಾ ₹100 ಮುಖಬೆಲೆಯ, ಶೇ. 9 ಬಡ್ಡಿಯ 10,000 ಡಿಬೆಂಚರುಗಳನ್ನು ಶೇ. 6 ರಿಯಾಯಿತಿಯಲ್ಲಿ ನೀಡಿತು. ಅವುಗಳನ್ನು ಶೇ. 4 ಪ್ರೀಮಿಯಂ ಸೇರಿಸಿ ತೀರಿಸಬೇಕು. ಪ್ರತಿ ವರ್ಷ ಮಾರ್ಚ್ 31ರಂದು ಚೀಟಿ ಎತ್ತಿ ₹2,50,000 ಮುಖಬೆಲೆಯ ಡಿಬೆಂಚರುಗಳನ್ನು ವಿಮೋಚನೆ ಮಾಡುವುದು ಷರತ್ತು. ಅಂದರೆ ನಾಲ್ಕು ಕಂತುಗಳು, ಕೊನೆಯದು 31 ಮಾರ್ಚ್ 2028ರಂದು. ಪುಸ್ತಕದ ವರ್ಷ ಮುಗಿಯುವುದೂ ಮಾರ್ಚ್ 31ಕ್ಕೇ.

ಹಂತ 1: ನಷ್ಟ ಎಷ್ಟೆಂದು ಕಂಡುಕೊಳ್ಳುವುದು

ರಿಯಾಯಿತಿಯನ್ನೂ ಪ್ರೀಮಿಯಂ ಅನ್ನೂ ಮುಖಬೆಲೆಯ ಮೇಲೇ ಲೆಕ್ಕ ಹಾಕಬೇಕು. ಬಂದ ಹಣದ ಮೇಲಲ್ಲ.

ಒಟ್ಟು ಮುಖಬೆಲೆ ₹10,00,000. ಶೇ. 6 ರಿಯಾಯಿತಿ ₹60,000. ಶೇ. 4 ವಿಮೋಚನಾ ಪ್ರೀಮಿಯಂ ₹40,000. ಎರಡೂ ಸೇರಿ ನಷ್ಟ ₹1,00,000.

ಈ ಎರಡು ಮೊತ್ತಗಳ ಸ್ವಭಾವ ಬೇರೆ ಬೇರೆ. ₹60,000 ಮೊದಲ ದಿನವೇ ಬಾರದೆ ಹೋದ ಹಣ. ₹40,000 ಇನ್ನೂ ಹೋಗಿಲ್ಲ, ಮುಂದಿನ ನಾಲ್ಕು ವರ್ಷಗಳಲ್ಲಿ ತಲಾ ₹10,000ದಂತೆ ಹೋಗಲಿದೆ. ಹಾಗಿದ್ದರೂ ಎರಡನ್ನೂ ಮೊದಲ ದಿನವೇ ಪುಸ್ತಕಕ್ಕೆ ತರಬೇಕು. ಪ್ರೀಮಿಯಂ ಕೊಡುತ್ತೇವೆಂದು ಕಂಪನಿ ಅಂದೇ ಒಪ್ಪಿಕೊಂಡಿದೆ, ಮೊತ್ತವೂ ಗೊತ್ತಿದೆ. ಗೊತ್ತಿರುವ ನಷ್ಟವನ್ನು ಮುಂದಕ್ಕೆ ತಳ್ಳಬಾರದು ಎಂಬುದು ಲೆಕ್ಕಶಾಸ್ತ್ರದ ಹಳೆಯ ನಿಯಮ. ‘ಪ್ರೀಮಿಯಂ ಕೊಟ್ಟಾಗ ಬರೆದರಾಯಿತು’ ಎಂದು ₹60,000 ಮಾತ್ರ ನಷ್ಟವೆಂದು ಬರೆದರೆ ಬ್ಯಾಲೆನ್ಸ್ ಶೀಟ್‌ನಲ್ಲಿ ₹40,000ದ ಒಂದು ಜವಾಬ್ದಾರಿಯೇ ಕಾಣದಂತಾಗುತ್ತದೆ.

ಷೇರಿನ ನಿಯಮವನ್ನು ಇಲ್ಲಿಗೆ ಎಳೆದು ತರುವವರೂ ಇದ್ದಾರೆ. 2013ರ ಕಂಪನಿ ಕಾಯ್ದೆಯ 53ನೇ ಕಲಂ ಷೇರುಗಳನ್ನು ರಿಯಾಯಿತಿಯಲ್ಲಿ ನೀಡುವುದನ್ನು ತಡೆಯುತ್ತದೆ, ಸ್ವೆಟ್ ಈಕ್ವಿಟಿಗೂ ಸಾಲ ಪುನರ್ರಚನೆಯ ಯೋಜನೆಯಡಿ ಸಾಲವನ್ನು ಷೇರಾಗಿ ಬದಲಿಸುವುದಕ್ಕೂ ಮಾತ್ರ ವಿನಾಯಿತಿ. ಆ ನಿಷೇಧ ಡಿಬೆಂಚರುಗಳಿಗೆ ಅನ್ವಯಿಸದು. ಡಿಬೆಂಚರ್ ಸಾಲ, ಬಂಡವಾಳವಲ್ಲ.

ಹಂತ 2: ಅಲಾಟ್‌ಮೆಂಟ್ ದಿನದ ನಮೂದು

ಹಣ ಬಂದಾಗ:

ಬ್ಯಾಂಕ್ ಖಾತೆ – ಡೆಬಿಟ್ ₹9,40,000
ಡಿಬೆಂಚರ್ ಅರ್ಜಿ ಮತ್ತು ಅಲಾಟ್‌ಮೆಂಟ್ ಖಾತೆ – ಕ್ರೆಡಿಟ್ ₹9,40,000

ಅಲಾಟ್‌ಮೆಂಟ್ ಮಾಡಿದಾಗ:

ಡಿಬೆಂಚರ್ ಅರ್ಜಿ ಮತ್ತು ಅಲಾಟ್‌ಮೆಂಟ್ ಖಾತೆ – ಡೆಬಿಟ್ ₹9,40,000
ಡಿಬೆಂಚರ್ ನೀಡಿಕೆಯ ನಷ್ಟದ ಖಾತೆ – ಡೆಬಿಟ್ ₹1,00,000
ಶೇ. 9 ಡಿಬೆಂಚರ್ ಖಾತೆ – ಕ್ರೆಡಿಟ್ ₹10,00,000
ಡಿಬೆಂಚರ್ ವಿಮೋಚನಾ ಪ್ರೀಮಿಯಂ ಖಾತೆ – ಕ್ರೆಡಿಟ್ ₹40,000

ಎರಡೂ ಬದಿ ₹10,40,000ಕ್ಕೆ ಕೂಡುತ್ತದೆ. ನಷ್ಟದ ಸಾಲನ್ನು ಎರಡಾಗಿ ಒಡೆದು ರಿಯಾಯಿತಿ ₹60,000, ನಷ್ಟ ₹40,000 ಎಂದು ಬರೆದರೂ ತಪ್ಪಿಲ್ಲ. ಆದರೆ ಮುಂದೆ ಎರಡನ್ನೂ ಒಂದೇ ಅನುಪಾತದಲ್ಲಿ ವಜಾ ಮಾಡಬೇಕಾಗಿರುವುದರಿಂದ ಒಟ್ಟಿಗೆ ಇಡುವುದೇ ಸುಲಭ.

ಡಿಬೆಂಚರ್ ಖಾತೆಯನ್ನು ₹9,40,000ಕ್ಕೆ ಕ್ರೆಡಿಟ್ ಮಾಡುವುದು ಇಲ್ಲಿ ಪದೇ ಪದೇ ಕಾಣುವ ತಪ್ಪು. ಬಂದ ಹಣ ಎಷ್ಟೇ ಇರಲಿ, ಸಾಲದ ಖಾತೆ ಮುಖಬೆಲೆಗೇ ನಿಲ್ಲಬೇಕು. ಇಂಡ್ ಎಎಸ್ ಎಂಬ ಹೊಸ ಲೆಕ್ಕ ಮಾನದಂಡಗಳನ್ನು ಅನುಸರಿಸುವ ಕಂಪನಿಗಳ ಕ್ರಮ ಬೇರೆ, ಅದನ್ನು ಕೆಳಗೆ ನೋಡೋಣ.

ಇನ್ನೊಂದು ಗೊಂದಲ ಹೆಸರಿನದು. ಡಿಬೆಂಚರ್ ವಿಮೋಚನಾ ಪ್ರೀಮಿಯಂ ಖಾತೆಗೂ ಸೆಕ್ಯುರಿಟೀಸ್ ಪ್ರೀಮಿಯಂ ಖಾತೆಗೂ ಸಂಬಂಧವಿಲ್ಲ. ಮೊದಲನೆಯದು ಕಂಪನಿ ಕೊಡಬೇಕಾದ ಹಣ, ಹಾಗಾಗಿ ಜವಾಬ್ದಾರಿ. ಎರಡನೆಯದು ಕಂಪನಿಗೆ ಬಂದ ಹೆಚ್ಚುವರಿ, ಅದು ಮೀಸಲು ನಿಧಿಗಳ ಗುಂಪಿನಲ್ಲಿ ಕೂರುತ್ತದೆ. ಪ್ರೀಮಿಯಂ ಎಂಬ ಮಾತು ನೋಡಿದೊಡನೆ ₹40,000ವನ್ನು ಮೀಸಲಿಗೆ ಸೇರಿಸಿದರೆ ಸಾಲ ಕೊಟ್ಟವರಿಗೆ ತೀರಿಸಬೇಕಾದ ಹಣ ಷೇರುದಾರರ ಸ್ವತ್ತಾಗಿ ಕಾಣುತ್ತದೆ. ಬ್ಯಾಲೆನ್ಸ್ ಶೀಟ್ ಕೂಡಿಕೆ ಮಾತ್ರ ಸರಿಯಾಗಿಯೇ ಬರುವುದರಿಂದ ಈ ತಪ್ಪು ತಾನಾಗಿ ಹೊರಬೀಳುವುದಿಲ್ಲ.

ಹಂತ 3: ಬಡ್ಡಿಯನ್ನು ಪ್ರತ್ಯೇಕವಾಗಿ ಇಡುವುದು

ಬಡ್ಡಿ ಮುಖಬೆಲೆಯ ಮೇಲೆ. ಮೊದಲ ವರ್ಷ ₹10,00,000ಕ್ಕೆ ಶೇ. 9ರಂತೆ ₹90,000. ಎರಡನೇ ವರ್ಷ ಉಳಿದ ₹7,50,000ಕ್ಕೆ ₹67,500. ಮೂರನೇ ವರ್ಷ ₹45,000, ನಾಲ್ಕನೇ ವರ್ಷ ₹22,500. ಈ ನಾಲ್ಕು ಅಂಕಿಗಳನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ನಷ್ಟದ ಲೆಕ್ಕವನ್ನು ಪರೀಕ್ಷಿಸಲು ಇವೇ ಬೇಕಾಗುತ್ತವೆ.

ಹಂತ 4: ಒಂದೇ ವರ್ಷಕ್ಕೋ, ಹಲವು ವರ್ಷಕ್ಕೋ ಎಂದು ನಿರ್ಧರಿಸುವುದು

₹1,00,000 ನಷ್ಟ ಪುಸ್ತಕಕ್ಕೆ ಬಂದಾಯಿತು. ಈಗ ಅದನ್ನು ತೀರಿಸುವ ದಾರಿ ಹಿಡಿಯಬೇಕು.

ಮೊದಲ ದಾರಿ, ಡಿಬೆಂಚರ್ ನೀಡಿದ ವರ್ಷದಲ್ಲೇ ಪೂರ್ತಿ ವಜಾ ಮಾಡುವುದು. ಸಿಬಿಎಸ್‌ಇ ಹನ್ನೆರಡನೇ ತರಗತಿಯ ಲೆಕ್ಕಶಾಸ್ತ್ರ ಈಗ ಕೇಳುವುದು ಇದನ್ನೇ: ಸೆಕ್ಯುರಿಟೀಸ್ ಪ್ರೀಮಿಯಂ ಇದ್ದರೆ ಮೊದಲು ಅದರಿಂದ, ಕಡಿಮೆ ಬಿದ್ದದ್ದು ಲಾಭ-ನಷ್ಟದ ಪಟ್ಟಿಯಿಂದ. ಎರಡನೆಯದು, ಸಾಲದ ಹಣ ಬಳಕೆಯಲ್ಲಿರುವ ವರ್ಷಗಳಿಗೆಲ್ಲ ಹಂಚುವುದು. ಹಳೆಯ ಪಠ್ಯಗಳು ಬೋಧಿಸುತ್ತಿದ್ದದ್ದು ಇದು. ಸಾಲಕ್ಕೆ ಸಂಬಂಧಿಸಿದ ರಿಯಾಯಿತಿ ಮತ್ತು ಪ್ರೀಮಿಯಂಗಳ ವರ್ಷವಾರು ವಜಾವನ್ನು ಸಾಲದ ವೆಚ್ಚದಲ್ಲಿ ಸೇರಿಸುವ ಲೆಕ್ಕ ಮಾನದಂಡ 16ಕ್ಕೂ ಇದು ಹೊಂದುತ್ತದೆ.

ಪರೀಕ್ಷೆಗೆ ಬರೆಯುವವರು ಪ್ರಶ್ನೆ ಏನು ಹೇಳುತ್ತದೆ, ಪಠ್ಯಕ್ರಮ ಏನು ಕೇಳುತ್ತದೆ ಎಂದು ನೋಡಿ ನಡೆಯಬೇಕು. ತರ್ಕದ ಮಟ್ಟಿಗೆ ಹೇಳುವುದಾದರೆ ಹಂಚುವುದೇ ಸರಿ. ಶೇ. 9ಕ್ಕೆ ಸಾಲ ಸಿಕ್ಕದೆ ಇದ್ದುದರಿಂದಲೇ ಕಂಪನಿ ರಿಯಾಯಿತಿ, ಪ್ರೀಮಿಯಂ ಎರಡನ್ನೂ ಒಪ್ಪಿಕೊಂಡಿತು. ಈ ಒಂದು ಲಕ್ಷ ಬಡ್ಡಿಯ ಇನ್ನೊಂದು ರೂಪ. ನಾಲ್ಕು ವರ್ಷದ ಬಡ್ಡಿಯನ್ನು ಯಾರೂ ಒಂದೇ ವರ್ಷಕ್ಕೆ ಬರೆಯುವುದಿಲ್ಲ.

ಮೊದಲ ದಾರಿಯ ನಮೂದು ಹೀಗಿರುತ್ತದೆ. ಸೆಕ್ಯುರಿಟೀಸ್ ಪ್ರೀಮಿಯಂ ಖಾತೆಯಲ್ಲಿ ₹55,000 ಇದೆ ಎಂದುಕೊಳ್ಳೋಣ.

ಸೆಕ್ಯುರಿಟೀಸ್ ಪ್ರೀಮಿಯಂ ಖಾತೆ – ಡೆಬಿಟ್ ₹55,000
ಲಾಭ-ನಷ್ಟದ ಪಟ್ಟಿ, ಹಣಕಾಸು ವೆಚ್ಚ – ಡೆಬಿಟ್ ₹45,000
ಡಿಬೆಂಚರ್ ನೀಡಿಕೆಯ ನಷ್ಟದ ಖಾತೆ – ಕ್ರೆಡಿಟ್ ₹1,00,000

ಇದರಲ್ಲಿ ಆ ವರ್ಷದ ಲಾಭವನ್ನು ಕಡಿಮೆ ಮಾಡುವುದು ₹45,000 ಮಾತ್ರ. ಉಳಿದ ₹55,000 ಲಾಭ-ನಷ್ಟದ ಪಟ್ಟಿಯನ್ನು ಮುಟ್ಟದೆ ನೇರವಾಗಿ ಮೀಸಲಿನಿಂದ ಕಳೆದುಹೋಗುತ್ತದೆ.

ಸೆಕ್ಯುರಿಟೀಸ್ ಪ್ರೀಮಿಯಂ ಬಳಸಲು ಅನುಮತಿ ಕೊಡುವುದು ಕಂಪನಿ ಕಾಯ್ದೆಯ 52(2)ನೇ ಕಲಂ. ಷೇರು ಅಥವಾ ಡಿಬೆಂಚರ್ ನೀಡಿಕೆಯ ಖರ್ಚು, ಕಮಿಷನ್, ರಿಯಾಯಿತಿಗಳನ್ನು ವಜಾ ಮಾಡುವುದು ಅದರಲ್ಲಿ ಒಂದು ಉದ್ದೇಶ. ಆದ್ಯತಾ ಷೇರು ಅಥವಾ ಡಿಬೆಂಚರುಗಳ ವಿಮೋಚನಾ ಪ್ರೀಮಿಯಂಗೆ ಒದಗಿಸುವುದು ಇನ್ನೊಂದು. ಹಾಗಾಗಿ ನಮ್ಮ ₹60,000ವೂ ₹40,000ವೂ ಎರಡೂ ಅದರ ವ್ಯಾಪ್ತಿಗೆ ಬರುತ್ತವೆ. ಆದರೆ ಅದೇ ಕಲಮಿನ 3ನೇ ಉಪಕಲಂ ಇಂಡ್ ಎಎಸ್ ವ್ಯಾಪ್ತಿಗೆ ಬರುವಂಥ ನಿಗದಿತ ವರ್ಗದ ಕಂಪನಿಗಳಿಗೆ ಈ ಬಾಗಿಲನ್ನು ಬಹಳ ಕಿರಿದಾಗಿಸಿದೆ. ಅವು ನೀಡಿಕೆಯ ಖರ್ಚು ಅಥವಾ ರಿಯಾಯಿತಿಗೆಂದು ಈ ನಿಧಿಯನ್ನು ಮುಟ್ಟಬಹುದಾದದ್ದು ಈಕ್ವಿಟಿ ಷೇರುಗಳ ವಿಷಯದಲ್ಲಿ ಮಾತ್ರ. ಡಿಬೆಂಚರ್ ರಿಯಾಯಿತಿಗೂ ವಿಮೋಚನಾ ಪ್ರೀಮಿಯಂಗೂ ಅಲ್ಲಿ ಅವಕಾಶವಿಲ್ಲ. ಕಂಪನಿ ಯಾವ ವರ್ಗದ್ದು ಎಂದು ನೋಡದೆ ಮೇಲಿನ ನಮೂದನ್ನು ಬರೆಯಬಾರದು.

ಡಿಬೆಂಚರ್ ವಿಮೋಚನಾ ಮೀಸಲನ್ನೂ ಈ ಕೆಲಸಕ್ಕೆ ಬಳಸುವ ಹಾಗಿಲ್ಲ. ಅದು ಡಿಬೆಂಚರ್ ತೀರಿಸುವ ಭದ್ರತೆಗೆಂದು ಲಾಭದಿಂದ ತೆಗೆದಿಟ್ಟ ಮೊತ್ತ, ನೀಡಿಕೆಯ ನಷ್ಟ ನುಂಗುವುದಕ್ಕಲ್ಲ.

ಹಂತ 5: ಹಂಚುವ ಅನುಪಾತ

ನಾಲ್ಕು ವರ್ಷ ಇದೆಯೆಂದು ಒಂದು ಲಕ್ಷವನ್ನು ನಾಲ್ಕರಿಂದ ಭಾಗಿಸಿ ವರ್ಷಕ್ಕೆ ₹25,000 ಎಂದು ಬರೆಯುವುದು ಇಲ್ಲಿ ತಪ್ಪು. ಪೂರ್ತಿ ₹10,00,000ವನ್ನು ನಾಲ್ಕನೇ ವರ್ಷದ ಕೊನೆಗೆ ಒಂದೇ ಸಲ ತೀರಿಸುವುದಾಗಿದ್ದರೆ ಅದು ಸರಿಯಾಗುತ್ತಿತ್ತು, ಏಕೆಂದರೆ ಆಗ ನಾಲ್ಕೂ ವರ್ಷ ಬಳಕೆಯಲ್ಲಿರುವ ಸಾಲ ಒಂದೇ. ನಮ್ಮ ಉದಾಹರಣೆಯಲ್ಲಿ ಸಾಲ ವರ್ಷದಿಂದ ವರ್ಷಕ್ಕೆ ಕರಗುತ್ತದೆ. ಮೊದಲ ವರ್ಷ ಹತ್ತು ಲಕ್ಷ ಬಳಸಿದ ಕಂಪನಿ ಕೊನೆಯ ವರ್ಷ ಎರಡೂವರೆ ಲಕ್ಷ ಮಾತ್ರ ಬಳಸುತ್ತದೆ. ವೆಚ್ಚವೂ ಅದೇ ಪ್ರಮಾಣದಲ್ಲಿ ಬೀಳಬೇಕು.

| ವರ್ಷ | ವರ್ಷದಲ್ಲಿ ಬಳಕೆಯಲ್ಲಿದ್ದ ಸಾಲ | ಅನುಪಾತ | ವಜಾ |
|---|---|---|---|
| 2024-25 | ₹10,00,000 | 4 | ₹40,000 |
| 2025-26 | ₹7,50,000 | 3 | ₹30,000 |
| 2026-27 | ₹5,00,000 | 2 | ₹20,000 |
| 2027-28 | ₹2,50,000 | 1 | ₹10,000 |

ಇಲ್ಲಿ ನೋಡಬೇಕಾದದ್ದು ವರ್ಷವಿಡೀ ಬಳಕೆಯಲ್ಲಿದ್ದ ಸಾಲವನ್ನು, ವರ್ಷದ ಕೊನೆಯಲ್ಲಿ ಉಳಿದ ಬಾಕಿಯನ್ನಲ್ಲ. ಲೆಡ್ಜರಿನ ಮಾರ್ಚ್ 31ರ ಬಾಕಿಗಳನ್ನು ಹಿಡಿದವರಿಗೆ 7,50,000, 5,00,000, 2,50,000, ಸೊನ್ನೆ ಸಿಗುತ್ತದೆ. ಅನುಪಾತ 3:2:1 ಆಗಿ ಮೊದಲ ವರ್ಷಕ್ಕೆ ₹50,000 ಬೀಳುತ್ತದೆ, ನಾಲ್ಕನೇ ವರ್ಷಕ್ಕೆ ಏನೂ ಉಳಿಯುವುದಿಲ್ಲ. ಒಟ್ಟು ಮೊತ್ತ ಒಂದು ಲಕ್ಷಕ್ಕೇ ಕೂಡುವುದರಿಂದ ತಪ್ಪಾಗಿದೆ ಎಂದು ಅನ್ನಿಸುವುದೂ ಇಲ್ಲ.

ಇದನ್ನು ಹಿಡಿಯಲು ಬಡ್ಡಿಯ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಬಡ್ಡಿ 90,000, 67,500, 45,000, 22,500. ಅದೂ 4:3:2:1. ಬಡ್ಡಿಯೂ ವಜಾ ಮೊತ್ತವೂ ಒಂದೇ ಸಾಲದ, ಒಂದೇ ಅವಧಿಯ ವೆಚ್ಚ. ಹಾಗಾಗಿ ಎರಡರ ಅನುಪಾತವೂ ಒಂದೇ ಆಗಿರಬೇಕು. ಒಂದು ವರ್ಷಕ್ಕೆ ಬಡ್ಡಿ ಇದ್ದು ವಜಾ ಸೊನ್ನೆ ಬಂದಿದ್ದರೆ, ಅಥವಾ ಬಡ್ಡಿ ಇಳಿಯುತ್ತಿದ್ದರೂ ವಜಾ ಸಮನಾಗಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ.

ಸೆಕ್ಯುರಿಟೀಸ್ ಪ್ರೀಮಿಯಂನಿಂದ ₹55,000 ಕಳೆದು, ಉಳಿದದ್ದನ್ನು ಮಾತ್ರ ಹಂಚುವುದಾದರೆ ಅದೇ ಅನುಪಾತವನ್ನು ₹45,000ಕ್ಕೆ ಹಾಕಿ: 18,000, 13,500, 9,000, 4,500.

ವರ್ಷದ ಕೊನೆಯ ನಮೂದು, 31 ಮಾರ್ಚ್ 2025:

ಲಾಭ-ನಷ್ಟದ ಪಟ್ಟಿ, ಹಣಕಾಸು ವೆಚ್ಚ – ಡೆಬಿಟ್ ₹40,000
ಡಿಬೆಂಚರ್ ನೀಡಿಕೆಯ ನಷ್ಟದ ಖಾತೆ – ಕ್ರೆಡಿಟ್ ₹40,000

ಹಂತ 6: ವರ್ಷದ ನಡುವೆ ನೀಡಿದ್ದರೆ

ಅದೇ ಡಿಬೆಂಚರುಗಳನ್ನು 1 ಏಪ್ರಿಲ್ ಬದಲು 1 ಅಕ್ಟೋಬರ್ 2024ರಂದು ನೀಡಿ, ಪ್ರತಿ ವರ್ಷ ಸೆಪ್ಟೆಂಬರ್ 30ರಂದು ಕಂತು ತೀರಿಸುತ್ತಾರೆ ಎಂದುಕೊಳ್ಳಿ. ಪುಸ್ತಕ ಮುಗಿಯುವುದು ಮಾರ್ಚ್ 31ಕ್ಕೇ. ಈಗ ಸಾಲ ನಾಲ್ಕೇ ವರ್ಷದ್ದಾದರೂ ಐದು ಹಣಕಾಸು ವರ್ಷಗಳಲ್ಲಿ ಹರಡಿಕೊಳ್ಳುತ್ತದೆ. ಹೆಚ್ಚಿನ ತಪ್ಪುಗಳು ಆಗುವ ಜಾಗ ಇದು. ಪರಿಹಾರ ಸರಳ: ಮೊತ್ತವನ್ನು ಅದು ಬಳಕೆಯಲ್ಲಿದ್ದ ತಿಂಗಳುಗಳಿಂದ ಗುಣಿಸಿ ಕೂಡಬೇಕು.

2024-25ರಲ್ಲಿ ₹10 ಲಕ್ಷ ಆರು ತಿಂಗಳು ಇತ್ತು, ಗುಣಲಬ್ಧ 60. 2025-26ರ ಮೊದಲ ಆರು ತಿಂಗಳು ₹10 ಲಕ್ಷ, ಸೆಪ್ಟೆಂಬರ್ 30ರ ಕಂತು ಹೋದ ಮೇಲೆ ಆರು ತಿಂಗಳು ₹7.5 ಲಕ್ಷ: 60 ಮತ್ತು 45 ಸೇರಿ 105. 2026-27ರಲ್ಲಿ 45 ಮತ್ತು 30 ಸೇರಿ 75. 2027-28ರಲ್ಲಿ 30 ಮತ್ತು 15 ಸೇರಿ 45. 2028-29ರಲ್ಲಿ ಮೊದಲ ಆರು ತಿಂಗಳು ₹2.5 ಲಕ್ಷ, ಅಂದರೆ 15.

ಹದಿನೈದರಿಂದ ಭಾಗಿಸಿದರೆ ಅನುಪಾತ 4:7:5:3:1, ಮೊತ್ತ 20. ಪ್ರತಿ ಭಾಗಕ್ಕೆ ₹5,000ದಂತೆ ವಜಾ ಆಗಬೇಕಾದದ್ದು ಕ್ರಮವಾಗಿ ₹20,000, ₹35,000, ₹25,000, ₹15,000, ₹5,000.

ಮೊದಲ ವರ್ಷಕ್ಕಿಂತ ಎರಡನೇ ವರ್ಷದ ವಜಾ ಹೆಚ್ಚಾಗಿ ಬಂದದ್ದನ್ನು ಕಂಡು ಗಾಬರಿಯಾಗಬೇಕಿಲ್ಲ. ಮೊದಲ ಹಣಕಾಸು ವರ್ಷದಲ್ಲಿ ಸಾಲ ಇದ್ದದ್ದೇ ಅರ್ಧ ವರ್ಷ. ಬಡ್ಡಿಯನ್ನೂ ಹೀಗೇ ಲೆಕ್ಕ ಹಾಕಿದರೆ 45,000, 78,750, 56,250, 33,750, 11,250 ಬರುತ್ತದೆ. ಅನುಪಾತ ಅಲ್ಲೂ 4:7:5:3:1.

ಹಂತ 7: ವಿಮೋಚನೆಯ ದಿನ

ಮತ್ತೆ ನಮ್ಮ ಮೂಲ ಉದಾಹರಣೆಗೆ ಬರೋಣ. 31 ಮಾರ್ಚ್ 2025ರಂದು ಮೊದಲ ಕಂತು:

ಶೇ. 9 ಡಿಬೆಂಚರ್ ಖಾತೆ – ಡೆಬಿಟ್ ₹2,50,000
ಡಿಬೆಂಚರ್ ವಿಮೋಚನಾ ಪ್ರೀಮಿಯಂ ಖಾತೆ – ಡೆಬಿಟ್ ₹10,000
ಡಿಬೆಂಚರುದಾರರ ಖಾತೆ – ಕ್ರೆಡಿಟ್ ₹2,60,000

ಹಣ ಕೊಟ್ಟಾಗ ಡಿಬೆಂಚರುದಾರರ ಖಾತೆಯನ್ನು ₹2,60,000ಕ್ಕೆ ಡೆಬಿಟ್ ಮಾಡಿ ಬ್ಯಾಂಕ್ ಖಾತೆಯನ್ನು ಕ್ರೆಡಿಟ್ ಮಾಡಿದರೆ ಮುಗಿಯಿತು.

ಈ ದಿನ ಪ್ರೀಮಿಯಂನ ₹10,000ವನ್ನು ಮತ್ತೊಮ್ಮೆ ಖರ್ಚಾಗಿ ಬರೆದುಬಿಡುವವರಿದ್ದಾರೆ. ಹಣ ಕೈಬಿಟ್ಟು ಹೋಗುವುದು ಕಾಣುವುದರಿಂದ ಖರ್ಚು ಎಂದೇ ತೋರುತ್ತದೆ. ಆದರೆ ಅದನ್ನು ನಷ್ಟವೆಂದು ಬರೆದದ್ದು ಅಲಾಟ್‌ಮೆಂಟ್ ದಿನವೇ. ಇವತ್ತು ಆಗುತ್ತಿರುವುದು ಜವಾಬ್ದಾರಿಯ ತೀರುವಳಿ. ಎರಡು ಸಲ ಬರೆದಿದ್ದರೆ ಪತ್ತೆ ಹಚ್ಚುವುದು ಸುಲಭ: ಕೊನೆಯ ಕಂತಿನ ನಂತರವೂ ವಿಮೋಚನಾ ಪ್ರೀಮಿಯಂ ಖಾತೆಯಲ್ಲಿ ಕ್ರೆಡಿಟ್ ಬಾಕಿ ಉಳಿದುಕೊಂಡಿರುತ್ತದೆ.

ವಿಮೋಚನಾ ಪ್ರೀಮಿಯಂ ಇಳಿಯುವ ಕ್ರಮಕ್ಕೂ ನಷ್ಟ ವಜಾ ಆಗುವ ಕ್ರಮಕ್ಕೂ ಹೊಂದಾಣಿಕೆ ಇರುವುದಿಲ್ಲ. ಪ್ರೀಮಿಯಂ ಖಾತೆ ವರ್ಷಕ್ಕೆ ₹10,000ದಂತೆ ಸಮನಾಗಿ ಇಳಿಯುತ್ತದೆ: 40,000, 30,000, 20,000, 10,000, ಸೊನ್ನೆ. ನಷ್ಟದ ಖಾತೆ ಇಳಿಯುವುದು 1,00,000, 60,000, 30,000, 10,000, ಸೊನ್ನೆ ಎಂದು. ಒಂದು ಹಣ ಕೊಡುವ ದಿನಾಂಕವನ್ನು ಅನುಸರಿಸುತ್ತದೆ, ಇನ್ನೊಂದು ಹಣ ಬಳಸಿದ ಅವಧಿಯನ್ನು. ಎರಡನ್ನೂ ಒಂದಕ್ಕೊಂದು ಹೊಂದಿಸಲು ಹೋಗಬೇಡಿ. ಎರಡೂ 31 ಮಾರ್ಚ್ 2028ಕ್ಕೆ ಸೊನ್ನೆಯಾದರೆ ಸಾಕು.

ಹಂತ 8: ಬ್ಯಾಲೆನ್ಸ್ ಶೀಟ್‌ನಲ್ಲಿ ಎಲ್ಲೆಲ್ಲಿ

ಮೊದಲ ಕಂತು ತೀರಿಸಿ, ಮೊದಲ ವರ್ಷದ ವಜಾ ಮಾಡಿದ ಮೇಲೆ 31 ಮಾರ್ಚ್ 2025ರಂದು ಮೂರು ಬಾಕಿಗಳು ಉಳಿಯುತ್ತವೆ. ಕಂಪನಿ ಕಾಯ್ದೆಯ ಅನುಸೂಚಿ III ಪ್ರತಿಯೊಂದನ್ನೂ ಹನ್ನೆರಡು ತಿಂಗಳ ಗೆರೆಯಲ್ಲಿ ಸೀಳಲು ಹೇಳುತ್ತದೆ.

ಡಿಬೆಂಚರ್ ₹7,50,000. ಇದರಲ್ಲಿ ₹2,50,000 ಮುಂದಿನ ಮಾರ್ಚ್‌ಗೆ ತೀರಬೇಕಾದದ್ದು, ಹಾಗಾಗಿ ಅಲ್ಪಾವಧಿ ಸಾಲಗಳ ಕೆಳಗೆ. ಉಳಿದ ₹5,00,000 ದೀರ್ಘಾವಧಿ ಸಾಲಗಳಲ್ಲಿ. ದೀರ್ಘಾವಧಿ ಸಾಲದ ಚಾಲ್ತಿ ಕಂತನ್ನು ಹಿಂದೆ ಇತರ ಚಾಲ್ತಿ ಜವಾಬ್ದಾರಿಗಳಲ್ಲಿ ತೋರಿಸುತ್ತಿದ್ದರು. 2021ರ ತಿದ್ದುಪಡಿಯ ನಂತರ ಅದರ ಜಾಗ ಅಲ್ಪಾವಧಿ ಸಾಲಗಳಲ್ಲಿ.

ವಿಮೋಚನಾ ಪ್ರೀಮಿಯಂ ₹30,000. ₹10,000 ಇತರ ಚಾಲ್ತಿ ಜವಾಬ್ದಾರಿ, ₹20,000 ಇತರ ದೀರ್ಘಾವಧಿ ಜವಾಬ್ದಾರಿ.

ಇನ್ನೂ ವಜಾ ಆಗದ ನಷ್ಟ ₹60,000. ಮುಂದಿನ ವರ್ಷ ವಜಾ ಆಗಲಿರುವ ₹30,000 ಇತರ ಚಾಲ್ತಿ ಆಸ್ತಿ, ಆಮೇಲಿನ ₹30,000 ಇತರ ಚಾಲ್ತಿಯೇತರ ಆಸ್ತಿ. ಮಾರಿದರೆ ಒಂದು ರೂಪಾಯಿಯೂ ಬಾರದ ಇದು ಆಸ್ತಿಯ ಕಡೆ ಕೂರುವುದು, ಮುಂದಿನ ವರ್ಷಗಳ ವೆಚ್ಚವಾಗಿ ಕಾಯುತ್ತಿರುವುದರಿಂದ ಮಾತ್ರ. ಮೊದಲ ದಾರಿಯಲ್ಲಿ ಪೂರ್ತಿ ವಜಾ ಮಾಡಿದ ಕಂಪನಿಯ ಬ್ಯಾಲೆನ್ಸ್ ಶೀಟ್‌ನಲ್ಲಿ ಈ ಸಾಲೇ ಇರುವುದಿಲ್ಲ. ಆದರೆ ವಿಮೋಚನಾ ಪ್ರೀಮಿಯಂನ ₹30,000 ಅಲ್ಲೂ ಇರಲೇಬೇಕು. ನಷ್ಟವನ್ನು ವಜಾ ಮಾಡಿದಾಕ್ಷಣ ಜವಾಬ್ದಾರಿ ಹೋಗುವುದಿಲ್ಲ.

ಇಂಡ್ ಎಎಸ್ ಕಂಪನಿಗಳಲ್ಲಿ

ಇಂಡ್ ಎಎಸ್ 109 ಅನುಸರಿಸುವ ಕಂಪನಿ ನಷ್ಟದ ಖಾತೆಯನ್ನೂ ವಿಮೋಚನಾ ಪ್ರೀಮಿಯಂ ಖಾತೆಯನ್ನೂ ತೆರೆಯುವುದೇ ಇಲ್ಲ. ಸಾಲ ಪುಸ್ತಕದಲ್ಲಿ ಶುರುವಾಗುವುದೇ ₹9,40,000ಕ್ಕೆ, ನೀಡಿಕೆಯ ಇತರ ಖರ್ಚು ಇಲ್ಲವೆಂದಿಟ್ಟುಕೊಂಡರೆ. ಆಮೇಲೆ ಮುಂದೆ ಕೊಡಬೇಕಾದ ಹಣವನ್ನೆಲ್ಲ ಇಂದಿನ ₹9,40,000ಕ್ಕೆ ಸರಿಹೊಂದಿಸುವ ಒಂದೇ ದರವನ್ನು ಕಂಡುಹಿಡಿಯುತ್ತಾರೆ. ಇದೇ ಪರಿಣಾಮಕಾರಿ ಬಡ್ಡಿದರ.

ನಮ್ಮ ಉದಾಹರಣೆಯಲ್ಲಿ ಬಡ್ಡಿ, ಅಸಲು, ಪ್ರೀಮಿಯಂ ಸೇರಿ ನಾಲ್ಕು ವರ್ಷಗಳಲ್ಲಿ ಹೊರಹೋಗುವುದು ₹3,50,000, ₹3,27,500, ₹3,05,000, ₹2,82,500. ಇವುಗಳ ಇಂದಿನ ಬೆಲೆ ₹9,40,000 ಆಗುವ ದರ ಸುಮಾರು ಶೇ. 13.58. ಕಾಗದದ ಮೇಲೆ ಶೇ. 9 ಎಂದಿರುವ ಸಾಲದ ನಿಜವಾದ ಬೆಲೆ ಇದು. ಒಂದು ಲಕ್ಷದ ನಷ್ಟ ಚಿಕ್ಕ ಮೊತ್ತವೆಂದು ಕಂಡರೂ ದರದಲ್ಲಿ ನಾಲ್ಕೂವರೆ ಅಂಶದಷ್ಟು ಏರಿಸಿದೆ, ಸಾಲ ಬೇಗ ಬೇಗ ಕರಗುವುದರಿಂದ.

ಈ ದರದಲ್ಲಿ ಮೊದಲ ವರ್ಷದ ವೆಚ್ಚ ಸುಮಾರು ₹1,27,600. ಅದರಲ್ಲಿ ಕೈಯಿಂದ ಕೊಟ್ಟ ಬಡ್ಡಿ ₹90,000, ಉಳಿದ ₹37,600 ನಷ್ಟದ ಪಾಲು. ಹೀಗೇ ಮುಂದುವರಿಸಿದರೆ ಆಮೇಲಿನ ವರ್ಷಗಳ ಪಾಲು ಸುಮಾರು ₹29,900, ₹21,200, ₹11,300. ನಮ್ಮ 40, 30, 20, 10 ಸಾವಿರಗಳ ಪಕ್ಕದಲ್ಲಿಟ್ಟು ನೋಡಿ: ಅಂತರ ಎಷ್ಟು ಕಡಿಮೆ! ಬಳಕೆಯಲ್ಲಿದ್ದ ಸಾಲದ ಅನುಪಾತ ಚಕ್ರಬಡ್ಡಿಯ ಲೆಕ್ಕವಿಲ್ಲದೆಯೇ ಪರಿಣಾಮಕಾರಿ ದರಕ್ಕೆ ಹತ್ತಿರ ಬರುತ್ತದೆ. ವರ್ಷಕ್ಕೆ ₹25,000 ಎಂಬ ಸಮಪಾಲು ಬಹಳ ದೂರ ಉಳಿಯುತ್ತದೆ.

ಆದಾಯ ತೆರಿಗೆಯಲ್ಲಿ

ಪುಸ್ತಕದಲ್ಲಿ ಒಂದೇ ವರ್ಷ ವಜಾ ಮಾಡಿದ ಮಾತ್ರಕ್ಕೆ ತೆರಿಗೆಯಲ್ಲೂ ಅದೇ ವರ್ಷ ಪೂರ್ತಿ ಕಡಿತ ಸಿಗುತ್ತದೆ ಎಂದುಕೊಳ್ಳಬಾರದು. ಇಲ್ಲಿ ಆಧಾರ, ಮದ್ರಾಸ್ ಇಂಡಸ್ಟ್ರಿಯಲ್ ಇನ್ವೆಸ್ಟ್‌ಮೆಂಟ್ ಕಾರ್ಪೊರೇಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ಕೊಟ್ಟ ತೀರ್ಪು. ಆ ಸಂಸ್ಥೆ ₹1.5 ಕೋಟಿ ಡಿಬೆಂಚರುಗಳನ್ನು ಶೇ. 2 ರಿಯಾಯಿತಿಯಲ್ಲಿ ನೀಡಿತ್ತು, ಅವಧಿ 12 ವರ್ಷ. ರಿಯಾಯಿತಿ ₹3 ಲಕ್ಷ. ಅದು ವ್ಯವಹಾರದ ವೆಚ್ಚವೇ ಹೌದು, ಆದರೆ ಅದರಿಂದ ಸಿಗುವ ಪ್ರಯೋಜನ 12 ವರ್ಷಗಳದ್ದು, ಹಾಗಾಗಿ ಕಡಿತವೂ 12 ವರ್ಷಕ್ಕೆ ಹರಡಬೇಕು ಎಂದಿತು ನ್ಯಾಯಾಲಯ. ಪೂರ್ಣ ವರ್ಷಕ್ಕೆ ₹25,000.

ನಮ್ಮ ಉದಾಹರಣೆಯ ಕಂಪನಿ ಪೂರ್ತಿ ಒಂದು ಲಕ್ಷವನ್ನು 2024-25ರ ಲಾಭದಿಂದ ಕಳೆದು, ತೆರಿಗೆಯಲ್ಲಿ 4:3:2:1ರಂತೆ ₹40,000 ಮಾತ್ರ ಕೇಳಿದರೆ ₹60,000ದ ಅಂತರ ಉಳಿಯುತ್ತದೆ. ಅದು ಮುಂದಿನ ವರ್ಷಗಳಲ್ಲಿ ತಿರುಗಿ ಬರುವ ಕಾಲದ ಅಂತರ. ಮುಂದೂಡಿದ ತೆರಿಗೆಯ ಲೆಕ್ಕದಲ್ಲಿ ಅದಕ್ಕೆ ಜಾಗ ಕೊಡಬೇಕು.

ಅವಧಿಗೆ ಮುನ್ನ ತೀರಿಸಿದರೆ

ಕೊನೆಯದಾಗಿ, ಮೊದಲೇ ಹಾಕಿದ ವಜಾ ಪಟ್ಟಿ ಕೆಡುವ ಸಂದರ್ಭ. ಎರಡು ಕಂತು ತೀರಿದ ಮೇಲೆ, 1 ಏಪ್ರಿಲ್ 2026ರಂದು, ಕಂಪನಿ ಉಳಿದ ₹5,00,000 ಡಿಬೆಂಚರುಗಳನ್ನೂ ತೀರಿಸಿಬಿಡಲು ಹೊರಟಿದೆ. ಅಂದು ನಷ್ಟದ ಖಾತೆಯಲ್ಲಿ ₹30,000, ವಿಮೋಚನಾ ಪ್ರೀಮಿಯಂ ಖಾತೆಯಲ್ಲಿ ₹20,000 ಇದೆ.

ಒಪ್ಪಂದದಂತೆ ಶೇ. 4 ಪ್ರೀಮಿಯಂ ಕೊಟ್ಟೇ ತೀರಿಸಿದರೆ ಪ್ರೀಮಿಯಂ ಖಾತೆ ಪೂರ್ತಿ ಮುಗಿಯುತ್ತದೆ. ನಷ್ಟದ ಖಾತೆಯ ₹30,000ವನ್ನು 20,000 ಮತ್ತು 10,000 ಎಂದು ಮುಂದಿನ ವರ್ಷಗಳಿಗೆ ಎಳೆಯುವಂತಿಲ್ಲ. ಸಾಲವೇ ಇಲ್ಲದ ಮೇಲೆ ಅದರ ವೆಚ್ಚವನ್ನು ಕಾಯಿಸಿಡಲು ಕಾರಣವಿಲ್ಲ. ಪೂರ್ತಿ ₹30,000 ಆ ವರ್ಷಕ್ಕೇ ಬೀಳಬೇಕು.

ಅದರ ಬದಲು ಮಾರುಕಟ್ಟೆಯಲ್ಲಿ ತಲಾ ₹99ರಂತೆ ಕೊಂಡು ರದ್ದು ಮಾಡಿದರೆ ಕೊಡುವ ಹಣ ₹4,95,000. ಆಗ ಪ್ರೀಮಿಯಂ ಕೊಡುವ ಪ್ರಸಂಗವೇ ಬರುವುದಿಲ್ಲ, ಅದಕ್ಕೆಂದು ಇಟ್ಟ ₹20,000ವೂ ಬಿಡುಗಡೆಯಾಗುತ್ತದೆ:

ಶೇ. 9 ಡಿಬೆಂಚರ್ ಖಾತೆ – ಡೆಬಿಟ್ ₹5,00,000
ಡಿಬೆಂಚರ್ ವಿಮೋಚನಾ ಪ್ರೀಮಿಯಂ ಖಾತೆ – ಡೆಬಿಟ್ ₹20,000
ಬ್ಯಾಂಕ್ ಖಾತೆ – ಕ್ರೆಡಿಟ್ ₹4,95,000
ಡಿಬೆಂಚರ್ ರದ್ದತಿಯ ಲಾಭದ ಖಾತೆ – ಕ್ರೆಡಿಟ್ ₹25,000

ಲಾಭ ₹5,000 ಎಂದು ಬರೆದು ಪ್ರೀಮಿಯಂನ ₹20,000ವನ್ನು ಮರೆತರೆ, ಸಾಲವಿಲ್ಲದ ಕಂಪನಿಯ ಬ್ಯಾಲೆನ್ಸ್ ಶೀಟ್‌ನಲ್ಲಿ ಆ ಜವಾಬ್ದಾರಿ ವರ್ಷಗಟ್ಟಲೆ ಹಾಗೇ ಉಳಿದುಬಿಡುತ್ತದೆ. ರದ್ದತಿಯ ಲಾಭವನ್ನು ಪಠ್ಯಪುಸ್ತಕದ ಕ್ರಮದಲ್ಲಿ ಬಂಡವಾಳ ಮೀಸಲಿಗೆ ವರ್ಗಾಯಿಸುತ್ತಾರೆ. ನಷ್ಟದ ಖಾತೆಯ ₹30,000 ಇಲ್ಲೂ ಪೂರ್ತಿ ವಜಾ ಆಗಬೇಕು, ಹಣಕಾಸು ವೆಚ್ಚವಾಗಿ. ₹25,000 ಲಾಭವನ್ನು ಅದರಲ್ಲಿ ಕಳೆದು ₹5,000 ಮಾತ್ರ ನಷ್ಟವೆಂದು ತೋರಿಸದೆ, ಎರಡನ್ನೂ ಅವುಗಳ ಪೂರ್ಣ ಮೊತ್ತದಲ್ಲೇ ಬೇರೆ ಬೇರೆ ತೋರಿಸಿ.